ದಶೆ ಒಪ್ಪಬೇಕು, ಗೋಚಾರವೂ ಒಪ್ಪಬೇಕು
ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರಿಗೆ ಜ್ಯೋತಿಷ ಕಾಲ ನಿರ್ಣಯಿಸುವ ಬಗೆ

ಭಾರತೀಯ ಜ್ಯೋತಿಷದಲ್ಲಿ ಕಾಲವನ್ನು ಅಳೆಯಲು ಎರಡು ಬೇರೆ ಬೇರೆ ಲೆಕ್ಕಗಳಿವೆ. ಮೊದಲನೆಯದು ದಶೆ. ಹುಟ್ಟಿದ ಕ್ಷಣದಲ್ಲಿ ಚಂದ್ರನಿದ್ದ ನಕ್ಷತ್ರದಿಂದ ಹೊರಡುವ ಈ ಲೆಕ್ಕ ಆಯಾ ವ್ಯಕ್ತಿಗೆ ಮಾತ್ರ ಸೇರಿದ್ದು. ಎರಡನೆಯದು ಗೋಚಾರ, ಅಂದರೆ ಈಗ ಆಕಾಶದಲ್ಲಿ ಗ್ರಹಗಳು ಯಾವ ರಾಶಿಯಲ್ಲಿ ಸಂಚರಿಸುತ್ತಿವೆ ಎಂಬ ಲೆಕ್ಕ. ಇದು ಎಲ್ಲರಿಗೂ ಒಂದೇ. ಅದು ಯಾರ ಜಾತಕದ ಯಾವ ಮನೆಯ ಮೇಲೆ ಬೀಳುತ್ತದೆ ಎಂಬುದಷ್ಟೇ ಬೇರೆ. ಪತ್ರಿಕೆಗಳ ವಾರಭವಿಷ್ಯ ಗೋಚಾರವನ್ನು ಮಾತ್ರ ನೋಡಿ ಬರೆದದ್ದು. ಹಾಗಾಗಿ ಅದು ಒಂದೇ ರಾಶಿಯ ಕೋಟ್ಯಂತರ ಜನರಿಗೆ ಒಂದೇ ಫಲ ಹೇಳಬೇಕಾಗುತ್ತದೆ. ಇಪ್ಪತ್ತು ವರ್ಷದ ನೌಕರಿ ಬಿಡುವಂಥ ನಿರ್ಧಾರಕ್ಕೆ ಜ್ಯೋತಿಷಿಗಳು ಎರಡನ್ನೂ ಜೋಡಿಸುತ್ತಾರೆ. ಉದ್ಯೋಗದ ವಿಷಯ ಈಗ ಬದುಕಿನ ಮುಂದಕ್ಕೆ ಬರುತ್ತದೆಯೇ ಎಂದು ದಶೆಯಲ್ಲಿ ನೋಡುತ್ತಾರೆ. ಬಂದರೆ ಯಾವ ತಿಂಗಳುಗಳಲ್ಲಿ ಎಂದು ಗೋಚಾರದಲ್ಲಿ ನೋಡುತ್ತಾರೆ.

ದಶಾ ಪದ್ಧತಿಗಳು ಹಲವಿದ್ದರೂ ಬಳಕೆಯಲ್ಲಿ ಮುಂದಿರುವುದು 120 ವರ್ಷಗಳ ವಿಂಶೋತ್ತರಿ. ಇದರಲ್ಲಿ ಕೇತುವಿಗೆ 7, ಶುಕ್ರನಿಗೆ 20, ರವಿಗೆ 6, ಚಂದ್ರನಿಗೆ 10, ಕುಜನಿಗೆ 7, ರಾಹುವಿಗೆ 18, ಗುರುವಿಗೆ 16, ಶನಿಗೆ 19, ಬುಧನಿಗೆ 17 ವರ್ಷ. ಜನನಕಾಲಕ್ಕೆ ಚಂದ್ರ ನಕ್ಷತ್ರದ ಎಷ್ಟು ಭಾಗ ದಾಟಿದ್ದಾನೋ ಅಷ್ಟು ಭಾಗ ದಶೆ ಹುಟ್ಟುವ ಮೊದಲೇ ಕಳೆದಿದೆ ಎಂದು ತಿಳಿದು, ಉಳಿದದ್ದರಿಂದ ಎಣಿಕೆ ಶುರು ಮಾಡುತ್ತಾರೆ. ಪ್ರತಿ ಮಹಾದಶೆಯೊಳಗೆ ಒಂಬತ್ತು ಭುಕ್ತಿಗಳಿವೆ. ಭುಕ್ತಿಯ ಅವಧಿ ತಿಳಿಯಲು ಹಳೆಯ ಬಾಯಿಲೆಕ್ಕವೊಂದಿದೆ. ಎರಡೂ ಗ್ರಹಗಳ ದಶಾವರ್ಷಗಳನ್ನು ಗುಣಿಸಬೇಕು. ಬಂದ ಸಂಖ್ಯೆಯ ಕೊನೆಯ ಅಂಕಿಯನ್ನು ಮೂರರಿಂದ ಗುಣಿಸಿದರೆ ದಿನಗಳು, ಉಳಿದ ಅಂಕಿಗಳು ತಿಂಗಳುಗಳು. ಶನಿ ದಶೆಯಲ್ಲಿ ಬುಧ ಭುಕ್ತಿ ಎಂದರೆ 19ನ್ನು 17ರಿಂದ ಗುಣಿಸಿ 323. ಅಂದರೆ 32 ತಿಂಗಳು 9 ದಿನ.

ಯಾವ ದಶೆಯನ್ನು ಉದ್ಯೋಗದ ದಶೆ ಎನ್ನಬೇಕು? ಲಗ್ನದಿಂದ ಹತ್ತನೆಯ ಮನೆ ಕರ್ಮಸ್ಥಾನ. ಆ ಮನೆಯ ಅಧಿಪತಿ, ಆ ಮನೆಯಲ್ಲಿ ಕುಳಿತ ಗ್ರಹ, ಆ ಮನೆಯನ್ನು ನೋಡುವ ಗ್ರಹ, ಈ ಮೂವರಲ್ಲಿ ಒಬ್ಬರು ಮಹಾದಶೆಯ ನಾಥರಾಗಿರಬೇಕು ಮತ್ತು ಒಬ್ಬರು ಭುಕ್ತಿಯ ನಾಥರಾಗಿರಬೇಕು ಎಂಬುದು ಬಿಗಿಯಾದ ನಿಯಮ. ಹತ್ತರ ಜೊತೆಗೆ ಆರನೆಯ ಮನೆ ಬಂದರೆ ಸೇವೆ, ಅಂದರೆ ಇನ್ನೊಬ್ಬರ ಕೈಕೆಳಗಿನ ಕೆಲಸ. ಏಳನೆಯದು ಬಂದರೆ ವ್ಯಾಪಾರ, ಪಾಲುದಾರಿಕೆ. ಲಗ್ನಾಧಿಪತಿ ಸೇರಿದರೆ ಸ್ವಂತ ಕೈಯಿಂದ ನಡೆಯುವ ಕೆಲಸ.

ಗೋಚಾರದಲ್ಲಿ ಇಂಥ ದೊಡ್ಡ ಬದಲಾವಣೆಗೆ ಲೆಕ್ಕಕ್ಕೆ ಬರುವವರು ಇಬ್ಬರೇ, ಶನಿ ಮತ್ತು ಗುರು. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ, ಗುರು ಸುಮಾರು ಒಂದು ವರ್ಷ. ಚಂದ್ರ, ಬುಧ, ಶುಕ್ರರು ಎಲ್ಲ ಮನೆಗಳನ್ನೂ ಬೇಗ ಬೇಗ ಸುತ್ತಿ ಬರುವುದರಿಂದ ಅವರಿಂದ ವರ್ಷವನ್ನು ಗುರುತಿಸಲಾಗದು. ಶನಿ ತಾನಿರುವ ರಾಶಿಯಲ್ಲದೆ ಅಲ್ಲಿಂದ ಮೂರು, ಏಳು, ಹತ್ತನೆಯ ರಾಶಿಗಳನ್ನು ನೋಡುತ್ತಾನೆ. ಗುರು ಐದು, ಏಳು, ಒಂಬತ್ತನೆಯವನ್ನು ನೋಡುತ್ತಾನೆ. ಇಬ್ಬರ ಪ್ರಭಾವವೂ ಒಂದೇ ಮನೆಯ ಮೇಲೆ ಕೂಡಿದಾಗ ಆ ಮನೆಯ ವಿಷಯ ಕೈಗೂಡುತ್ತದೆ ಎಂಬ ಸೂತ್ರವನ್ನು ದೆಹಲಿಯ ಭಾರತೀಯ ವಿದ್ಯಾಭವನದಲ್ಲಿ ಜ್ಯೋತಿಷ ಕಲಿಸಿದ ಕೆ.ಎನ್. ರಾವ್ ವ್ಯಾಪಕವಾಗಿ ಬಳಕೆಗೆ ತಂದರು. ಇದನ್ನು ಜೋಡಿ ಗೋಚಾರ ಎನ್ನಬಹುದು.

ಇಷ್ಟರಿಂದ ಒಂದು ಕ್ರಮ ಸಿಗುತ್ತದೆ. ಮೊದಲು ದಶೆ–ಭುಕ್ತಿಗಳ ಪಟ್ಟಿಯಲ್ಲಿ ಕರ್ಮಸ್ಥಾನಕ್ಕೆ ನಂಟಿರುವ ಅವಧಿಗಳನ್ನು ಗುರುತು ಹಾಕಬೇಕು. ಆ ಅವಧಿಗಳೊಳಗೆ ಮಾತ್ರ ಜೋಡಿ ಗೋಚಾರವನ್ನು ಹುಡುಕಬೇಕು. ಕೊನೆಗೆ ಜನ್ಮರಾಶಿಯಿಂದ ಗುರುಬಲ ಮತ್ತು ಶನಿಯ ಸ್ಥಾನವನ್ನು ನೋಡಬೇಕು. ಕ್ರಮ ತಿರುವುಮುರುವಾದರೆ, ಅಂದರೆ ಗೋಚಾರವನ್ನು ಮೊದಲು ಹಿಡಿದು ಆಮೇಲೆ ದಶೆಯಲ್ಲಿ ಸಮರ್ಥನೆ ಹುಡುಕಿದರೆ, ಯಾವುದಾದರೊಂದು ನಂಟು ಸಿಕ್ಕೇ ಸಿಗುತ್ತದೆ.

ಇದನ್ನು ಒಂದು ಕಲ್ಪಿತ ಜಾತಕದ ಮೇಲೆ ಮಾಡಿ ನೋಡಬಹುದು. ಜನನ 1982ರ ಏಪ್ರಿಲ್ 8, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಬೆಂಗಳೂರು. ಮಿಥುನ ಲಗ್ನ. ಚಂದ್ರ ಕನ್ಯಾ ರಾಶಿಯ 22 ಅಂಶ 20 ಕಲೆಯಲ್ಲಿ, ಹಸ್ತಾ ನಕ್ಷತ್ರದಲ್ಲಿ ಇದ್ದಾನೆಂದು ಇಟ್ಟುಕೊಳ್ಳೋಣ. ಈ ವ್ಯಕ್ತಿ ಬ್ಯಾಂಕಿನಲ್ಲಿ ಅಧಿಕಾರಿ, ವಯಸ್ಸು 44. ನೌಕರಿ ಬಿಟ್ಟು ಸ್ವಂತವಾಗಿ ತೆರಿಗೆ ಸಲಹಾ ಕಚೇರಿ ತೆರೆಯುವ ಯೋಚನೆ ಇದೆ.

ಹಸ್ತಾ ನಕ್ಷತ್ರ ಮುಗಿಯುವುದು ಕನ್ಯೆಯ 23 ಅಂಶ 20 ಕಲೆಗೆ. ನಕ್ಷತ್ರದ ಒಟ್ಟು ವಿಸ್ತಾರ 800 ಕಲೆ, ಚಂದ್ರನಿಗೆ ಉಳಿದದ್ದು 60 ಕಲೆ. ಹತ್ತು ವರ್ಷದ ಚಂದ್ರ ದಶೆಯಲ್ಲಿ 800ಕ್ಕೆ 60 ಭಾಗ ಎಂದರೆ ಒಂಬತ್ತು ತಿಂಗಳು. ಚಂದ್ರ ದಶೆ 1983ರ ಜನವರಿಗೆ ಮುಗಿಯಿತು. ಮುಂದೆ ಕುಜ ದಶೆ 1990ರವರೆಗೆ, ರಾಹು ದಶೆ 2008ರವರೆಗೆ, ಗುರು ದಶೆ 2024ರ ಜನವರಿಯವರೆಗೆ ನಡೆದವು. ಈಗ ನಡೆಯುತ್ತಿರುವುದು ಶನಿ ಮಹಾದಶೆ. ಅದರಲ್ಲಿ ಶನಿಯದೇ ಭುಕ್ತಿ 2027ರ ಜನವರಿ 11ರ ಸುಮಾರಿಗೆ ಮುಗಿದು, ಬುಧ ಭುಕ್ತಿ 2029ರ ಸೆಪ್ಟೆಂಬರ್‌ವರೆಗೆ ಇರುತ್ತದೆ.

ಮಿಥುನ ಲಗ್ನಕ್ಕೆ ಹತ್ತನೆಯ ಮನೆ ಮೀನ. ಜನ್ಮಕಾಲದ ಶನಿ ನಾಲ್ಕನೆಯ ಮನೆಯಾದ ಕನ್ಯೆಯಲ್ಲಿದ್ದಾನೆ. ಅಲ್ಲಿಂದ ಏಳನೆಯ ದೃಷ್ಟಿ ಮೀನದ ಮೇಲೆ, ಮೂರನೆಯ ದೃಷ್ಟಿ ಸೇವೆಯ ಮನೆಯಾದ ವೃಶ್ಚಿಕದ ಮೇಲೆ, ಹತ್ತನೆಯ ದೃಷ್ಟಿ ಲಗ್ನದ ಮೇಲೆ. ಮಹಾದಶೆಯ ನಾಥನಿಗೆ ಕರ್ಮಸ್ಥಾನದ ನಂಟು ಸ್ಪಷ್ಟ. ಬುಧ ಲಗ್ನಾಧಿಪತಿ, ಮೀನದಲ್ಲೇ ಕುಳಿತಿದ್ದಾನೆ. ಹಾಗಾಗಿ ಶನಿ–ಶನಿ ಮತ್ತು ಶನಿ–ಬುಧ, ಎರಡು ಅವಧಿಗಳೂ ನಿಯಮಕ್ಕೆ ಹೊಂದುತ್ತವೆ. ಆದರೆ ಇವುಗಳ ಸ್ವಭಾವ ಬೇರೆ. ಶನಿ ಸೇವೆಯ ಮನೆಯನ್ನೂ ನೋಡುತ್ತಾನೆ, ಹಾಗಾಗಿ ಅವನ ಭುಕ್ತಿಯಲ್ಲಿ ನೌಕರಿಯ ಎಳೆ ಕಡಿಯುವುದಿಲ್ಲ. ಲಗ್ನಾಧಿಪತಿ ಕರ್ಮಸ್ಥಾನದಲ್ಲಿರುವ ಬುಧನ ಭುಕ್ತಿಗೆ ಸ್ವಂತ ಕೆಲಸದ ಸೂಚನೆ ಹೆಚ್ಚು. ಅದೇ ಬುಧ ಮೀನದಲ್ಲಿ ನೀಚ, ರವಿಗೆ ಹತ್ತಿರವಿದ್ದು ಅಸ್ತಂಗತ ಕೂಡ. ಶಾಸ್ತ್ರದ ಭಾಷೆಯಲ್ಲಿ ಇದರ ಅರ್ಥ, ಬದಲಾವಣೆ ಆಗುತ್ತದೆ, ಸರಾಗವಾಗಿ ಆಗುವುದಿಲ್ಲ. ಲೆಕ್ಕಪತ್ರ, ಕಾಗದಪತ್ರ, ಒಪ್ಪಂದ ಇವು ಬುಧನ ವಿಷಯಗಳು. ತೊಡಕು ಬರುವುದೂ ಅಲ್ಲೇ ಎಂದು ಓದುತ್ತಾರೆ.

ಇನ್ನು ಗೋಚಾರ. ಲಾಹಿರಿ ಅಯನಾಂಶದ ಲೆಕ್ಕದಲ್ಲಿ ಶನಿ ಮೀನ ರಾಶಿಗೆ ಬಂದದ್ದು 2025ರ ಮಾರ್ಚ್ 29ಕ್ಕೆ. ಅಲ್ಲಿಗೆ ಹತ್ತನೆಯ ಮನೆಯ ಮೇಲೆ ಒಬ್ಬನ ಪ್ರಭಾವ ಶುರುವಾಯಿತು. ಗುರು ಕರ್ಕಾಟಕಕ್ಕೆ ಬಂದಾಗ ಅವನ ಒಂಬತ್ತನೆಯ ದೃಷ್ಟಿ ಮೀನದ ಮೇಲೆ ಬೀಳುತ್ತದೆ. ಅವನು 2025ರ ಅಕ್ಟೋಬರ್ 18ರಿಂದ ಡಿಸೆಂಬರ್ 5ರವರೆಗೆ ಏಳು ವಾರ ಕರ್ಕಾಟಕದಲ್ಲಿದ್ದು, ವಕ್ರಗತಿಯಲ್ಲಿ ಮಿಥುನಕ್ಕೆ ಹಿಂದಿರುಗಿದ. ಇಂಥ ಕಿರು ಅವಧಿಯಲ್ಲಿ ವಿಷಯ ಪ್ರಸ್ತಾಪಕ್ಕೆ ಬರುತ್ತದೆ, ಇತ್ಯರ್ಥವಾಗುವುದಿಲ್ಲ ಎಂಬುದು ರೂಢಿಯ ಮಾತು. ನಿಜವಾದ ಅವಧಿಗಳು ಆಮೇಲಿನ ಮೂರು.

ಮೊದಲನೆಯದು 2026ರ ಜೂನ್ 2ರಿಂದ ಅಕ್ಟೋಬರ್ 31ರವರೆಗೆ. ಗುರು ಕರ್ಕಾಟಕದಲ್ಲಿ, ಶನಿ ಮೀನದಲ್ಲಿ, ದಶೆ ಶನಿ–ಶನಿ. ಆಮೇಲೆ ಗುರು ಸಿಂಹಕ್ಕೆ ಹೋಗಿ ಹತ್ತನೆಯ ಮನೆಯ ಮೇಲಿನ ದೃಷ್ಟಿ ತಪ್ಪುತ್ತದೆ. ಎರಡನೆಯದು, ಗುರು ವಕ್ರಿಯಾಗಿ ಕರ್ಕಾಟಕಕ್ಕೆ ಮರಳುವ 2027ರ ಜನವರಿ 25ರಿಂದ ಶನಿ ಮೇಷಕ್ಕೆ ಹೊರಡುವ ಜೂನ್ 3ರವರೆಗೆ. ಆಗ ಶನಿ–ಬುಧ ಶುರುವಾಗಿ ಎರಡು ವಾರ ಕಳೆದಿರುತ್ತದೆ. ಮೂರನೆಯದು, ಶನಿ ವಕ್ರಿಯಾಗಿ ಮೀನಕ್ಕೆ ಹಿಂದಿರುಗಿರುವಾಗ ಗುರು ಕನ್ಯೆಯಿಂದ ಏಳನೆಯ ದೃಷ್ಟಿ ಬೀರುವ 2027ರ ನವೆಂಬರ್ 26ರಿಂದ 2028ರ ಫೆಬ್ರವರಿ 23ರವರೆಗೆ. ದಶೆ ಆಗಲೂ ಶನಿ–ಬುಧವೇ.

ಮೂರರಲ್ಲಿ ಆಯ್ಕೆ ಹೇಗೆ? ಇಲ್ಲಿ ಜನ್ಮರಾಶಿ ಬರುತ್ತದೆ. ಚಂದ್ರನಿಂದ ಎರಡು, ಐದು, ಏಳು, ಒಂಬತ್ತು, ಹನ್ನೊಂದನೆಯ ರಾಶಿಯಲ್ಲಿ ಗುರು ಇದ್ದರೆ ಗುರುಬಲ. ಕನ್ಯಾ ರಾಶಿಗೆ ಕರ್ಕಾಟಕ ಹನ್ನೊಂದನೆಯದು, ಅದು ಗುರುವಿನ ಉಚ್ಚರಾಶಿಯೂ ಹೌದು, ಲಗ್ನದಿಂದ ಎಣಿಸಿದರೆ ಧನಸ್ಥಾನ. ಮೊದಲೆರಡು ಅವಧಿಗಳಿಗೆ ಈ ಬಲವಿದೆ. ಮೂರನೆಯದರಲ್ಲಿ ಗುರು ಜನ್ಮರಾಶಿಯಲ್ಲೇ ಇರುವುದರಿಂದ ಗುರುಬಲವಿಲ್ಲ. ಶನಿ ಮೀನದಲ್ಲಿದ್ದಷ್ಟು ದಿನ ಕನ್ಯೆಗೆ ಏಳನೆಯವನು, ಅಂದರೆ ಕಂಟಕ ಶನಿ. ಮೇಷಕ್ಕೆ ಹೋದರೆ ಅಷ್ಟಮ ಶನಿ. ಹೀಗೆ ಮೊದಲನೆಯ ಅವಧಿ ಸಿದ್ಧತೆಗೆ, ಎರಡನೆಯದು ಬದಲಾವಣೆಗೆ, ಮೂರನೆಯದು ತಪ್ಪಿಹೋದರೆ ಇರಲಿ ಎಂಬ ಮೀಸಲಿಗೆ ಎಂದು ಕ್ರಮ ನಿಲ್ಲುತ್ತದೆ. ಎರಡನೆಯದರಲ್ಲೂ ಗುರು 2027ರ ಏಪ್ರಿಲ್ ನಡುವಿನವರೆಗೆ ವಕ್ರಿ. ಅವನು ನೇರ ನಡಿಗೆಗೆ ಬಂದ ಮೇಲಿನ ಏಳು ವಾರಗಳಿಗೆ ಹೆಚ್ಚು ಬೆಲೆ ಕೊಡುವವರಿದ್ದಾರೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬದಲಾವಣೆಯ ದಿನ ಎಂದರೆ ಯಾವುದು? ರಾಜೀನಾಮೆ ಕೊಟ್ಟ ದಿನವೇ, ಕೆಲಸದಿಂದ ಬಿಡುಗಡೆಯಾದ ದಿನವೇ, ಕಚೇರಿ ತೆರೆದ ದಿನವೇ? ಮೂರು ತಿಂಗಳ ನೋಟಿಸ್ ಇದ್ದರೆ ಈ ದಿನಗಳ ನಡುವೆ ಒಂದು ಇಡೀ ಅವಧಿಯೇ ಜಾರಿಹೋಗಬಹುದು. ಹೊಸ ಕೆಲಸ ಶುರುವಾಗುವ ದಿನವನ್ನೇ ಎಣಿಸಬೇಕೆಂದು ಮೊದಲೇ ನಿಶ್ಚಯಿಸಿದರೆ, ಈ ಜಾತಕಕ್ಕೆ ಜನವರಿ ಕೊನೆ ಅಥವಾ ಫೆಬ್ರವರಿ ಆರಂಭದಲ್ಲಿ ರಾಜೀನಾಮೆ, ಮೇ ತಿಂಗಳಲ್ಲಿ ಕಚೇರಿ ಎಂದಾಗುತ್ತದೆ. ಯಾವ ದಿನ, ಯಾವ ಗಳಿಗೆ ಎಂಬುದು ಮುಹೂರ್ತದ ವಿಷಯ, ಅದು ಬೇರೆ ಲೆಕ್ಕ.

ಮುಂದಿನದಕ್ಕೆ ಹಚ್ಚುವ ಮೊದಲು ಇದೇ ನಿಯಮವನ್ನು ಕಳೆದ ವರ್ಷಗಳ ಮೇಲೆ ಪರೀಕ್ಷಿಸುವುದು ಒಳ್ಳೆಯ ಜ್ಯೋತಿಷಿಯ ಪದ್ಧತಿ. 2010ರ ಮೇ ಆರಂಭದಲ್ಲಿ ಗುರು ಮೀನಕ್ಕೆ ಬಂದಾಗ ಶನಿ ಕನ್ಯೆಯಲ್ಲಿದ್ದು ಮೀನವನ್ನು ನೋಡುತ್ತಿದ್ದ. ಆಗ ನಡೆಯುತ್ತಿದ್ದದ್ದು ದಶಮಾಧಿಪತಿ ಗುರುವಿನ ದಶೆ, ಶನಿಯ ಭುಕ್ತಿ. ಎರಡೂ ಒಪ್ಪಿದ ಅವಧಿ ಅದು. ಈ ವ್ಯಕ್ತಿಗೆ ಆ ವರ್ಷ ಬಡ್ತಿಯೋ ಮಹತ್ವದ ವರ್ಗಾವಣೆಯೋ ಆಗಿದ್ದರೆ ನಿಯಮ ಹೊಂದಿತು. ಏನೂ ಆಗಿರದಿದ್ದರೆ ಹುಟ್ಟಿದ ಸಮಯವನ್ನೇ ಅನುಮಾನಿಸಬೇಕು. 2022ರ ಜುಲೈಯಿಂದ 2023ರ ಜನವರಿ ನಡುವಿನವರೆಗೂ ಜೋಡಿ ಗೋಚಾರ ಹತ್ತನೆಯ ಮನೆಯ ಮೇಲಿತ್ತು, ಶನಿ ಮಕರದಲ್ಲಿ, ಗುರು ಮೀನದಲ್ಲಿ. ಆದರೆ ಭುಕ್ತಿ ರಾಹುವಿನದು. ಲಗ್ನದಲ್ಲಿರುವ ರಾಹುವಿಗೆ ಹತ್ತನೆಯ ಮನೆಯ ಅಧಿಪತ್ಯವಿಲ್ಲ, ಅವನು ಅಲ್ಲಿ ಕುಳಿತೂ ಇಲ್ಲ. ನಿಯಮದ ಪ್ರಕಾರ ಆ ಅವಧಿ ಬರಿದಾಗಿ ಹೋಗಬೇಕು. ಸಂಭವಿಸಿದ ಘಟನೆಯಷ್ಟೇ, ಸಂಭವಿಸದೆ ಹೋದದ್ದೂ ಪರೀಕ್ಷೆಗೆ ಬೇಕು.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ನೋಡಬೇಕು. ಮೊದಲ ತೊಡಕು ಅಯನಾಂಶ. ಭಾರತ ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿಯ ಕಾಲದಿಂದ ಲಾಹಿರಿ ಅಯನಾಂಶ ಹೆಚ್ಚಿನ ಬಳಕೆಯಲ್ಲಿದೆ. ಬೆಂಗಳೂರಿನ ಬಿ.ವಿ. ರಾಮನ್ ಬೇರೆ ಅಯನಾಂಶವನ್ನು ಬಳಸಿದರು, ಅವರ ಅನುಯಾಯಿಗಳು ಇಂದಿಗೂ ಅದನ್ನೇ ಹಿಡಿಯುತ್ತಾರೆ. ಇವೆರಡರ ನಡುವೆ ಸುಮಾರು ಒಂದೂವರೆ ಅಂಶ ವ್ಯತ್ಯಾಸ. ಮೇಲಿನ ಜಾತಕದಲ್ಲಿ ಅಷ್ಟು ಸಾಕು, ಚಂದ್ರ ಹಸ್ತೆಯನ್ನು ದಾಟಿ ಚಿತ್ತಾ ನಕ್ಷತ್ರಕ್ಕೆ ಹೋಗುತ್ತಾನೆ. ಹುಟ್ಟುವಾಗಿನ ದಶೆ ಚಂದ್ರನದಲ್ಲ, ಕುಜನದಾಗುತ್ತದೆ. ಆಮೇಲಿನ ಎಲ್ಲ ದಶೆಗಳೂ ಸುಮಾರು ಒಂದು ವರ್ಷ ಮೊದಲೇ ಬರುತ್ತವೆ. ಎರಡನೆಯ ತೊಡಕು ವರ್ಷದ ಅಳತೆ. ದಶಾವರ್ಷಕ್ಕೆ 365 ಕಾಲು ದಿನ ಎಂದು ಕೆಲವರು, 360 ದಿನ ಎಂದು ಕೆಲವರು ಎಣಿಸುತ್ತಾರೆ. 44 ವರ್ಷ ಕಳೆಯುವಷ್ಟರಲ್ಲಿ ಈ ಅಂತರ ಏಳೂವರೆ ತಿಂಗಳಿಗೂ ಮೀರುತ್ತದೆ. ನಡುವಯಸ್ಸಿನವರ ಜಾತಕದಲ್ಲಿ ಈ ದೋಷ ಎಳೆಯರ ಜಾತಕಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ಇವುಗಳ ಮುಂದೆ ಜನನಸಮಯದ ಹತ್ತು ನಿಮಿಷದ ತಪ್ಪು ಸಣ್ಣದು, ಚಂದ್ರ ದಶೆಯಲ್ಲಿ ಹುಟ್ಟಿದವರಿಗೆ ಅದರಿಂದ ಸುಮಾರು 25 ದಿನ ಹೆಚ್ಚುಕಡಿಮೆಯಾಗುತ್ತದೆ. ಆದರೆ ಲಗ್ನ ರಾಶಿಯ ಅಂಚಿನಲ್ಲಿದ್ದರೆ ಅದೇ ಹತ್ತು ನಿಮಿಷ ಇಡೀ ಜಾತಕವನ್ನು ಬೇರೆ ಮಾಡುತ್ತದೆ.

ಆದ್ದರಿಂದ ಒಂದೇ ಲೆಕ್ಕದಲ್ಲಿ ಸಿಕ್ಕ ದಿನಾಂಕವನ್ನು ನೆಚ್ಚಿಕೊಳ್ಳದೆ, ಬೇರೆ ಬೇರೆ ಲೆಕ್ಕಗಳಲ್ಲೂ ಉಳಿಯುವ ಅವಧಿಯನ್ನು ಹುಡುಕಬೇಕು. ರಾಮನ್ ಅಯನಾಂಶದಲ್ಲಿ ಶನಿ–ಬುಧ ಭುಕ್ತಿ 2026ರ ಜನವರಿಗೇ ಶುರುವಾಗಿ 2028ರ ಶರತ್ಕಾಲದವರೆಗೆ ಇರುತ್ತದೆ. 360 ದಿನದ ವರ್ಷದಲ್ಲಿ ಅದು 2026ರ ಮೇ ತಿಂಗಳಿನಿಂದ 2029ರ ಆರಂಭದವರೆಗೆ. ಮೊದಲನೆಯ ಅವಧಿಯ ಭುಕ್ತಿ ಒಂದೊಂದು ಲೆಕ್ಕದಲ್ಲಿ ಒಂದೊಂದಾಗುತ್ತದೆ. 2027ರ ಜನವರಿ–ಜೂನ್ ಅವಧಿ, ಮೂರನೆಯ ಅವಧಿಯಂತೆಯೇ, ಮೂರೂ ಲೆಕ್ಕಗಳಲ್ಲಿ ಶನಿ–ಬುಧದೊಳಗೇ ನಿಲ್ಲುತ್ತದೆ. ಅಯನಾಂಶ ಬದಲಾದರೆ ರಾಶಿಪ್ರವೇಶದ ದಿನಗಳೂ ಸ್ವಲ್ಪ ಸರಿಯುತ್ತವೆ, ಹಾಗಾಗಿ ಅಂಚಿನ ವಾರಗಳನ್ನು ಬಿಟ್ಟು ನಡುವಿನ ತಿಂಗಳುಗಳನ್ನು ಹಿಡಿಯಬೇಕು. ಭುಕ್ತಿಯೇ ಒಂದು ವರ್ಷ ಅತ್ತಿತ್ತ ಸರಿಯುವಾಗ, ಅದರೊಳಗಿನ ವಾರಗಳ ಲೆಕ್ಕದ ಅಂತರಗಳನ್ನು ನಂಬಿ ದಿನ ಹೇಳುವವರ ಮಾತಿಗೆ ಆಧಾರವಿಲ್ಲ.

ಮೂರನೆಯ ತೊಡಕು ನಿಯಮದ ಸಡಿಲಿಕೆ. ಹನ್ನೆರಡು ರಾಶಿಗಳಲ್ಲಿ ಶನಿ ಒಮ್ಮೆಗೆ ನಾಲ್ಕನ್ನು ಮುಟ್ಟುತ್ತಾನೆ, ಗುರುವೂ ನಾಲ್ಕನ್ನು. ಹಾಗಾಗಿ ಯಾವುದೇ ಒಂದು ಮನೆಯ ಮೇಲೆ ಇಬ್ಬರೂ ಕೂಡುವುದು ಸರಾಸರಿ ಒಂಬತ್ತರಲ್ಲಿ ಒಂದು ಭಾಗ ಕಾಲ, ಹತ್ತು ವರ್ಷಕ್ಕೆ ಸುಮಾರು ಹದಿಮೂರು ತಿಂಗಳು. ಇದಕ್ಕೆ ಚಂದ್ರನಿಂದ ಹತ್ತನೆಯ ಮನೆ, ದಶಮಾಧಿಪತಿ ಕುಳಿತ ರಾಶಿ, ಲಾಭಸ್ಥಾನ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ ಒಳ್ಳೆಯ ಕಾಲವಲ್ಲದ ತಿಂಗಳೇ ಸಿಗುವುದಿಲ್ಲ. ಹೊಂದಿಕೆ ಕಂಡಾಗ ಅದು ಜಾತಕದಿಂದ ಬಂದದ್ದೋ ಸಡಿಲ ನಿಯಮದಿಂದ ಬಂದದ್ದೋ ಎಂದು ತಿಳಿಯಲು ದಾರಿ ಒಂದೇ. ಯಾವ ಮನೆ, ಯಾವ ದೃಷ್ಟಿ, ಯಾವ ಭುಕ್ತಿನಾಥ ಎಂಬುದನ್ನು ದಿನಾಂಕ ನೋಡುವ ಮೊದಲೇ ಬರೆದಿಟ್ಟು, ಆಮೇಲೆ ಬದಲಿಸದಿರುವುದು.

ಜ್ಯೋತಿಷದ ಫಲಿತ ಭಾಗಕ್ಕೆ ವಿಜ್ಞಾನದ ಪರೀಕ್ಷೆಯಲ್ಲಿ ಬೆಂಬಲ ಸಿಕ್ಕಿಲ್ಲ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು 2008ರಲ್ಲಿ ಮಹಾರಾಷ್ಟ್ರದಲ್ಲಿ ನಡೆಸಿದ ಪ್ರಯೋಗದಲ್ಲಿ 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಯಾವುದು ಓದಿನಲ್ಲಿ ಮುಂದಿರುವ ಮಗುವಿನದು, ಯಾವುದು ಬುದ್ಧಿಮಾಂದ್ಯ ಮಗುವಿನದು ಎಂದು ಗುರುತಿಸಲು ಕೇಳಲಾಗಿತ್ತು. ಉತ್ತರಗಳಲ್ಲಿ ಸರಿಯಾದದ್ದು ನೂರಕ್ಕೆ 46, ಅಂದರೆ ನಾಣ್ಯ ಚಿಮ್ಮಿದಷ್ಟೇ. ಅದು ಕಾಲನಿರ್ಣಯದ ಪರೀಕ್ಷೆ ಅಲ್ಲ. ಆದರೂ ಜಾತಕದ ಮಾತಿಗೆ ಎಷ್ಟು ಭಾರ ಕೊಡಬೇಕು ಎಂಬುದಕ್ಕೆ ಅದೊಂದು ಅಳತೆ.

ಮೇಲಿನ ಬ್ಯಾಂಕ್ ಅಧಿಕಾರಿಯ ವಿಷಯದಲ್ಲಿ ಈ ಲೆಕ್ಕ ಹೇಳುವುದು ಇಷ್ಟು: 2026ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಸಿದ್ಧತೆ, 2027ರ ಮೇ ಸುಮಾರಿಗೆ ಬದಲಾವಣೆ, ತಪ್ಪಿದರೆ ಆ ವರ್ಷದ ಕೊನೆಗೆ ಗುರುಬಲವಿಲ್ಲದ ಇನ್ನೊಂದು ಅವಕಾಶ. ತೆರಿಗೆ ಸಲಹೆ ಕೇಳಿ ಎಷ್ಟು ಜನ ಬರುತ್ತಾರೆ, ಸಂಬಳವಿಲ್ಲದೆ ಎಷ್ಟು ತಿಂಗಳು ಮನೆ ನಡೆಯುತ್ತದೆ, ಸಾಲದ ಕಂತು ಎಷ್ಟಿದೆ ಎಂಬುದು ದಶೆಯಲ್ಲೂ ಇಲ್ಲ, ಗೋಚಾರದಲ್ಲೂ ಇಲ್ಲ. ಆ ಉತ್ತರಗಳು 2026ರ ಅಕ್ಟೋಬರ್ ಒಳಗೆ ಕೈಗೆ ಬಾರದಿದ್ದರೆ, ಎರಡೂ ಲೆಕ್ಕ ಒಪ್ಪಿದ 2027ರ ಮೇ ತಿಂಗಳನ್ನೂ ಬಿಟ್ಟುಕೊಡಬೇಕಾಗುತ್ತದೆ.